ಪತ್ರ ಹೇಳುವುದೊಂದು, ಹೋಗುವುದೊಂದು

ವಿದ್ಯಾರ್ಥಿವೇತನ ಕೊಡುವ ಒಂದು ಸಣ್ಣ ಟ್ರಸ್ಟಿಗೆ ನಾನು ಪತ್ರಗಳನ್ನು ತಿದ್ದಿ ಬರೆದುಕೊಡುತ್ತೇನೆ. ಮಳೆಗಾಲದ ಶುರುವಿನಲ್ಲಿ ಪಿಯುಸಿ ಮತ್ತು ಡಿಗ್ರಿ ಮಕ್ಕಳ ಅರ್ಜಿಗಳು ಮುಗಿಯುತ್ತವೆ. ಆಮೇಲೆ ಒಂದೇ ಸಲ ಒಂದು ಕಟ್ಟು ಇಮೇಲ್ ಹೋಗಬೇಕು. ಹಳೆಯ ಪತ್ರಗಳು 'ತಮ್ಮ ಅವಗಾಹನೆಗೆ ತರಲಾಗಿದೆ' ಎನ್ನುವ ಜಾತಿಯವು. ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿ ಅದನ್ನು ಓದಿ ಏನು ಮಾಡಬೇಕು ಅಂತ ತಿಳಿಯದೆ ಕೂರುತ್ತಾಳೆ. ಅದಕ್ಕೇ ಅವನ್ನೆಲ್ಲ ಸುಲಭ ಕನ್ನಡಕ್ಕೆ ತರುವ ಕೆಲಸ.

ಬರೆಯುವುದು ಕಷ್ಟವಲ್ಲ. ಬರೆದ ಮೇಲೆ ಇರುವ ಕೆಲಸದ ಬಗ್ಗೆ ಹೇಳಬೇಕು ಅಂತ ಇದನ್ನು ಬರೆಯುತ್ತಿದ್ದೇನೆ. ಪತ್ರ ಒಂದು ಕಡೆ ಇರುತ್ತದೆ, ವರ್ಡ್ ಫೈಲಿನಲ್ಲಿ. ಜೊತೆಗೆ ಹೋಗಬೇಕಾದ ಫಾರಂಗಳು ಇನ್ನೊಂದು ಕಡೆ, ಒಂದು ಫೋಲ್ಡರಿನಲ್ಲಿ. ಯಾರಿಗೆ ಹೋಗಬೇಕು, ಯಾರಿಗೆ ಪ್ರತಿ ಹೋಗಬೇಕು ಎನ್ನುವುದು ಮೂರನೇ ಕಡೆ, ಎಕ್ಸೆಲ್ ಹಾಳೆಯಲ್ಲಿ. ಈ ಮೂರೂ ಸೇರುವುದು ಕಳಿಸುವ ಗಳಿಗೆಯಲ್ಲಿ ಮಾತ್ರ. ತಿದ್ದಿ ಬರೆಯುವವರು ಮುಟ್ಟುವುದು ಮೊದಲನೆಯದನ್ನು. ಉಳಿದ ಎರಡು ಹೇಗಿದ್ದವೋ ಹಾಗೇ ಇರುತ್ತವೆ. ಪತ್ರ ಚೆನ್ನಾದಷ್ಟೂ ಅದು ಹಳೆಯ ಜೋಡಣೆಯಿಂದ ದೂರ ಹೋಗುತ್ತದೆ. ವ್ಯಾಕರಣ ನೋಡುವವರ ಕಣ್ಣಿಗೆ ಇದು ಬೀಳುವುದಿಲ್ಲ, ಯಾಕೆಂದರೆ ವಾಕ್ಯದಲ್ಲಿ ತಪ್ಪೇ ಇಲ್ಲ.

ಒಂದು ಕಟ್ಟನ್ನೇ ತೆಗೆದುಕೊಂಡು ಹೇಳುತ್ತೇನೆ. ಅದರಲ್ಲಿ 38 ಪತ್ರ. 21 ಹೊಸದಾಗಿ ಆಯ್ಕೆಯಾದ ಮಕ್ಕಳಿಗೆ, 12 ಹೋದ ವರ್ಷದ ಸಹಾಯ ಮುಂದುವರಿಯುವವರಿಗೆ, 5 ದಾಖಲೆ ಸರಿಯಿಲ್ಲದವರಿಗೆ. ಮೂರು ಬಗೆಯ ಪತ್ರ, ಒಂದೇ ಕಟ್ಟು.

ಹೊಸಬರ ಹಳೆಯ ಪತ್ರದ ಕೊನೆಯಲ್ಲಿ 'ಲಗತ್ತುಗಳು' ಅಂತ ಒಂದು ಪಟ್ಟಿ ಇತ್ತು. ಒಪ್ಪಿಗೆ ಪತ್ರ, ಬ್ಯಾಂಕ್ ಖಾತೆಯ ವಿವರದ ನಮೂನೆ, ನಿಯಮಗಳು. ಸುಲಭವಾಗಿ ಬರೆಯುವಾಗ ಈ ಪಟ್ಟಿ ಕರಗಿಹೋಯಿತು. ಅದರ ಜಾಗದಲ್ಲಿ ಒಂದು ಒಳ್ಳೆಯ ವಾಕ್ಯ ಬಂತು: 'ಜೊತೆಗಿರುವ ಫಾರಂ ತುಂಬಿ, ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಜೊತೆ ಜುಲೈ 20ರೊಳಗೆ ಕಳಿಸಿ.' ಓದಲು ಹಗುರ. ಆದರೆ ಹೋಗುತ್ತಿರುವುದು ಎರಡು ಫಾರಂ, ವಾಕ್ಯ ಹೇಳುವುದು ಒಂದು. ಮೊಬೈಲಿನಲ್ಲಿ ಓದುವ ಮಗು ಮೊದಲು ಕಂಡದ್ದನ್ನು ತೆರೆದು, ತುಂಬಿ, ಕಳಿಸಿ, ಮುಗಿಯಿತು ಅಂತ ನೆಮ್ಮದಿಯಾಗಿರುತ್ತದೆ. ಬ್ಯಾಂಕ್ ವಿವರ ಬರುವುದೇ ಇಲ್ಲ, ದುಡ್ಡು ನಿಲ್ಲುತ್ತದೆ. ಹಾಗಾಗಿ 'ಜೊತೆಗಿರುವ ಎರಡು ಫಾರಂ' ಅಂತ ಬರೆದು, ಎರಡರ ಹೆಸರನ್ನೂ ಫೈಲಿನ ಮೇಲೆ ಇರುವಂತೆಯೇ ಹೇಳಬೇಕು. ಪಟ್ಟಿ ತೆಗೆದರೂ ಎಣಿಕೆ ಉಳಿಯಬೇಕು.

ಮುಂದುವರಿಯುವವರ ಪತ್ರದಲ್ಲಿ ಇದರ ಉಲ್ಟಾ ಆಗಿತ್ತು. ಹೊಸಬರ ಪತ್ರದ ಆ ಚೆಂದದ ವಾಕ್ಯವನ್ನು ಇಲ್ಲಿಗೂ ತಂದು ಅಂಟಿಸಲಾಗಿತ್ತು. ಈ 12 ಜನರ ಖಾತೆಯ ವಿವರ ಟ್ರಸ್ಟಿನ ಹತ್ತಿರ ಮೊದಲೇ ಇದೆ. ಅವರಿಗೆ ಬ್ಯಾಂಕ್ ಫಾರಂ ಹೋಗುವುದೇ ಇಲ್ಲ. ಪತ್ರ ಮಾತ್ರ ಅದನ್ನು ಕೇಳುತ್ತಿತ್ತು. ಇಂಥದ್ದು ಕಟ್ಟಿನ ಕೆಲಸದಲ್ಲಿ ಸಹಜವಾಗಿ ಆಗುತ್ತದೆ. ಒಂದು ಪತ್ರಕ್ಕೆ ಸರಿಯಾಗಿ ಕೂತ ವಾಕ್ಯ ಪಕ್ಕದ ಪತ್ರಕ್ಕೆ ಹರಿದುಹೋಗುತ್ತದೆ.

ಇದನ್ನು ಹಿಡಿಯಲು ನಾನು ಮಾಡುವುದು ಹಳೆಯ ಕಚೇರಿ ಪದ್ಧತಿಯನ್ನೇ. ಕಾಗದದ ಕಾಲದ ಸರ್ಕಾರಿ ಪತ್ರಗಳಲ್ಲಿ ಲಗತ್ತಿನ ಮಾತು ಬರುವ ಸಾಲಿನ ಪಕ್ಕ, ಅಂಚಿನಲ್ಲಿ, ಒಂದು ಓರೆ ಗೆರೆ ಎಳೆಯುವ ರೂಢಿ ಇತ್ತು. ರವಾನೆ ಮಾಡುವವರು ಇಡೀ ಪತ್ರ ಓದಬೇಕಿಲ್ಲ. ಗೆರೆ ನೋಡಿ, ಲಗತ್ತು ನೋಡಿ, ಲಕೋಟೆ ಅಂಟಿಸಿದರೆ ಆಯಿತು. ನಾನು ಗೆರೆಯ ಬದಲು ಹಳದಿ ಬಣ್ಣ ಹಚ್ಚುತ್ತೇನೆ. ಪತ್ರದ ಹೊರಗಿನ ಯಾವುದಾದರೂ ವಸ್ತುವನ್ನು ತೋರಿಸುವ ಪ್ರತಿ ಮಾತಿಗೂ ಹಳದಿ. ಫೈಲು, ಲಿಂಕು, ಇನ್ನೊಬ್ಬರಿಗೆ ಪ್ರತಿ ಹೋಗಿದೆ ಎನ್ನುವ ಮಾತು, 'ಕೆಳಗೆ ಕೊಟ್ಟಿದೆ' ಎನ್ನುವ ಮಾತು, ಎಲ್ಲ. ಕಣ್ಣು ತಪ್ಪಬಹುದು ಅಂತ, ಪತ್ರಗಳನ್ನು ಬರೀ ಪಠ್ಯದ ಫೈಲುಗಳಾಗಿ ಉಳಿಸಿ ಒಮ್ಮೆ ಹುಡುಕಿಯೂ ನೋಡುತ್ತೇನೆ:

```
grep -nE "ಲಗತ್ತ|ಜೊತೆ|ಜತೆ|ಪ್ರತಿ|ಲಿಂಕ|ಕೆಳಗ|https?://" *.txt
```

'ಲಗತ್ತ' ಅಂತ ಅರ್ಧಕ್ಕೇ ನಿಲ್ಲಿಸಿರುವುದು ಬೇಕಂತಲೇ. ಲಗತ್ತಿಸಿದೆ, ಲಗತ್ತಿಸಿದ್ದೇವೆ, ಲಗತ್ತಾಗಿದೆ, ಹೇಗೆ ಬರೆದಿದ್ದರೂ ಸಿಗುತ್ತದೆ. 'ಪ್ರತಿ' ಹುಡುಕಿದರೆ 'ಪ್ರತಿ ತಿಂಗಳು' ಕೂಡ ಬರುತ್ತದೆ. ಬರಲಿ, ಅದನ್ನು ದಾಟಿ ಹೋಗಬಹುದು. ಆದರೆ 'ಫಾರಂ ತುಂಬಿ ಕಳಿಸಿ' ಅಂತಷ್ಟೇ ಇರುವ ವಾಕ್ಯ ಈ ಜಾಲಕ್ಕೆ ಬೀಳುವುದಿಲ್ಲ. ಅದರಲ್ಲಿ ಲಗತ್ತು ಎನ್ನುವ ಮಾತೇ ಇಲ್ಲ, ಲಗತ್ತಿನ ಭರವಸೆ ಮಾತ್ರ ಇದೆ. ಹಾಗಾಗಿ ಹುಡುಕಾಟ ಸಹಾಯಕ್ಕೆ ಅಷ್ಟೇ, ಓದುವುದು ತಪ್ಪುವುದಿಲ್ಲ. ಜಿಮೇಲ್ ಕೂಡ 'ಫೈಲ್ ಸೇರಿಸುವುದು ಮರೆತಿರಾ' ಅಂತ ಕೆಲವೊಮ್ಮೆ ಕೇಳುತ್ತದೆ. ಪತ್ರದ ಮಾತುಗಳನ್ನು ನೋಡಿ ಅದು ಊಹಿಸುವುದು. ಕನ್ನಡ ಪತ್ರಕ್ಕೆ ಅದನ್ನು ನೆಚ್ಚಿಕೊಂಡು ಕೂರಬಾರದು. ಅಲ್ಲದೆ ಫೈಲೇ ಇಲ್ಲದಿದ್ದರೆ ಅದು ಹೇಳೀತು. ಇರುವ ಫೈಲು ಬೇರೆಯವರದ್ದಾದರೆ ಅದಕ್ಕೇನು ಗೊತ್ತಾಗುತ್ತದೆ?

ಹಳದಿ ಹಚ್ಚಿದ ಮೇಲೆ ಒಂದೊಂದಾಗಿ ಫೈಲ್ ತೆರೆಯಬೇಕು. ಹೆಸರು ನೋಡಿದರೆ ಸಾಲದು. ಈ ಕಟ್ಟಿನಲ್ಲಿ ಒಪ್ಪಿಗೆ ಪತ್ರದ ಫೈಲಿನ ಹೆಸರು ಸರಿಯಾಗಿಯೇ ಇತ್ತು. ಒಳಗೆ ಕೊನೆಯ ಸಾಲಿನಲ್ಲಿ 'ಜುಲೈ 15ರೊಳಗೆ ತಲುಪಿಸತಕ್ಕದ್ದು' ಅಂತ ಇತ್ತು. ಪತ್ರದಲ್ಲಿ ಜುಲೈ 20. ದಿನಾಂಕ ಮುಂದೆ ಹೋದಾಗ ಪತ್ರವನ್ನು ತಿದ್ದಿದ್ದರು, ಫಾರಂ ಯಾರ ನೆನಪಿಗೂ ಬಂದಿರಲಿಲ್ಲ. ತಿದ್ದಿದ ಪತ್ರದಲ್ಲಿ ಬರುವ ಪ್ರತಿ ದಿನಾಂಕ, ಮೊತ್ತ, ಫೋನ್ ನಂಬರು ಲಗತ್ತಿನಲ್ಲೂ ಇರಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ ನಮ್ಮ ಕನ್ನಡಕ್ಕೇ ಸಂಬಂಧಿಸಿದ್ದು. ಬ್ಯಾಂಕ್ ವಿವರದ ನಮೂನೆ ವರ್ಡ್ ಫೈಲಿನಲ್ಲಿತ್ತು, ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ್ದು. ಯೂನಿಕೋಡ್ ಅಲ್ಲದ ಆ ಫಾಂಟ್ ಕಚೇರಿಯ ಕಂಪ್ಯೂಟರಿನಲ್ಲಿ ಇದೆ, ಚೆನ್ನಾಗಿಯೇ ಕಾಣುತ್ತದೆ. ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಪತ್ರ 'ಲಗತ್ತಿಸಿದೆ' ಅನ್ನುತ್ತದೆ, ಫೈಲ್ ಇದೆ, ಸರಿಯಾದ ಫೈಲೇ ಇದೆ, ಆದರೂ ಓದುವವರಿಗೆ ಏನೂ ಹೋಗಿಲ್ಲ. ಪಿಡಿಎಫ್ ಮಾಡಿದರೆ ಫಾಂಟ್ ಅದರೊಳಗೇ ಸೇರಿಕೊಳ್ಳುತ್ತದೆ. ಸೇರಿದೆಯೋ ಇಲ್ಲವೋ ಎನ್ನುವುದಕ್ಕೆ ನುಡಿ ಇಲ್ಲದ ಯಾವುದಾದರೂ ಫೋನಿನಲ್ಲಿ ತೆರೆದು ನೋಡುವುದೇ ಸರಿಯಾದ ಪರೀಕ್ಷೆ. ಮಕ್ಕಳು ಓದುವುದು ಫೋನಿನಲ್ಲೇ ಅಲ್ವಾ, ನಾವೂ ಅಲ್ಲೇ ನೋಡಬೇಕು.

ಮೂರನೇ ಲಗತ್ತು, ಅಂದರೆ ನಿಯಮಗಳು, ಹೊಸ ಪತ್ರದಲ್ಲಿ ಲಿಂಕ್ ಆಯಿತು. ಒಳ್ಳೆಯದೇ, ಪತ್ರ ಹಗುರಾಯಿತು. ಆದರೆ ಲಿಂಕಿಗೆ ಎರಡು ಪದರ. ಕಣ್ಣಿಗೆ ಕಾಣುವ ಪಠ್ಯ ಒಂದು, ಒತ್ತಿದರೆ ಹೋಗುವ ವಿಳಾಸ ಇನ್ನೊಂದು. 'ಈ ವರ್ಷದ ನಿಯಮಗಳು' ಅಂತ ಮೇಲಿನ ಮಾತನ್ನು ಬದಲಾಯಿಸಿದರೆ ಕೆಳಗಿನ ವಿಳಾಸ ಬದಲಾಗುವುದಿಲ್ಲ. ಅದು ಹೋದ ವರ್ಷದ ಫೈಲಿಗೇ ಕರೆದೊಯ್ಯುತ್ತದೆ. ಬರವಣಿಗೆ ತಿದ್ದುವವರು ಅತಿ ಸುಲಭವಾಗಿ ಮಾಡಿಬಿಡುವ ಎಡವಟ್ಟು ಇದು. ಕಂಪ್ಯೂಟರಿನಲ್ಲಾದರೆ ಲಿಂಕಿನ ಮೇಲೆ ಮೌಸ್ ಇಟ್ಟರೆ, ಫೋನಿನಲ್ಲಾದರೆ ಬೆರಳು ಒತ್ತಿ ಹಿಡಿದರೆ, ನಿಜವಾದ ವಿಳಾಸ ಕಾಣುತ್ತದೆ.

ವಿಳಾಸ ಸರಿಯಿದ್ದರೂ ಬಾಗಿಲು ತೆರೆಯಬೇಕು. ಗೂಗಲ್ ಡ್ರೈವಿನಲ್ಲಿ ಹೊಸ ಫೈಲ್ ಸಾಮಾನ್ಯವಾಗಿ ಮಾಲೀಕರಿಗೆ ಮಾತ್ರ ತೆರೆಯುತ್ತದೆ. ನಾವು ಒತ್ತಿದರೆ ತೆರೆಯುತ್ತದೆ, ಯಾಕೆಂದರೆ ನಾವು ಅದೇ ಖಾತೆಯಲ್ಲಿ ಲಾಗಿನ್ ಆಗಿರುತ್ತೇವೆ. ಮಗು ಒತ್ತಿದರೆ 'ಅನುಮತಿ ಕೇಳಿ' ಅಂತ ಬರುತ್ತದೆ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಅದೇ ವಿಳಾಸ ಅಂಟಿಸಿ ನೋಡಿದರೆ ನಮ್ಮ ಲಾಗಿನ್ ಇರುವುದಿಲ್ಲ, ಹೊರಗಿನವರಿಗೆ ಅದು ತೆರೆಯುತ್ತದೋ ಇಲ್ಲವೋ ಗೊತ್ತಾಗುತ್ತದೆ. ದಾಖಲೆ ಸರಿಯಿಲ್ಲದ 5 ಜನರ ಪತ್ರದಲ್ಲಿ ಒಂದು ಗೂಗಲ್ ಫಾರಂ ಲಿಂಕ್ ಇತ್ತು. ಆದಾಯ ಪ್ರಮಾಣ ಪತ್ರದ ಆರ್‌ಡಿ ಸಂಖ್ಯೆ ಸ್ಪಷ್ಟವಾಗಿ ಕಾಣುವ ಹಾಗೆ ಫೋಟೋ ಹಾಕಿ ಅಂತ ಕೇಳುವ ಫಾರಂ. ಆ ವಿಳಾಸದ ಕೊನೆಯಲ್ಲಿ `/edit` ಇತ್ತು. ಅಂದರೆ ಫಾರಂ ತಯಾರಿಸುವ ಪುಟದಿಂದ ಎತ್ತಿಕೊಂಡದ್ದು. ಉತ್ತರ ತುಂಬುವವರಿಗೆ ಹೋಗಬೇಕಾದದ್ದು `/viewform` ಇರುವ ವಿಳಾಸ, ಅಥವಾ ಕಳಿಸುವ ಬಟನ್ನಿನಿಂದ ಪಡೆದ ಚಿಕ್ಕ ವಿಳಾಸ. ಜೊತೆಗೆ, ಫೈಲ್ ಹಾಕಲು ಕೇಳುವ ಗೂಗಲ್ ಫಾರಂ ತುಂಬಲು ಗೂಗಲ್ ಖಾತೆಯಿಂದ ಲಾಗಿನ್ ಆಗಲೇಬೇಕು. ಹಳೆಯ ಪತ್ರದಲ್ಲಿ ಈ ಮಾತು ಇತ್ತು, ಸುಲಭ ಮಾಡುವಾಗ ಬಿಟ್ಟುಹೋಗಿತ್ತು. ಅದನ್ನು ಮತ್ತೆ ಸೇರಿಸಬೇಕಾಯಿತು.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಕಡೆ ಜಾಗ್ರತೆ ವಹಿಸಬೇಕು. ನಮಗೆ ವಿಭಕ್ತಿ ಅಂಟಿಸುವ ಅಭ್ಯಾಸ. 'https://example.org/niyamaಗೆ ಹೋಗಿ' ಅಂತ ಸಲೀಸಾಗಿ ಬರೆದುಬಿಡುತ್ತೇವೆ. ವಿಳಾಸವನ್ನು ತಾನಾಗಿ ಲಿಂಕ್ ಮಾಡುವ ಕೆಲವು ಆಪ್‌ಗಳು ಆ 'ಗೆ'ಯನ್ನೂ ವಿಳಾಸದ ಭಾಗ ಅಂತಲೇ ತೆಗೆದುಕೊಳ್ಳುತ್ತವೆ. ಒತ್ತಿದರೆ ಪುಟ ಸಿಗುವುದಿಲ್ಲ. ನಾನು ವಿಳಾಸವನ್ನು ಯಾವಾಗಲೂ ಅದರದ್ದೇ ಸಾಲಿನಲ್ಲಿ ಒಂಟಿಯಾಗಿ ಬಿಡುತ್ತೇನೆ, ಪೂರ್ಣವಿರಾಮವೂ ಇಲ್ಲದೆ. ವಾಕ್ಯ ಅದರ ಮೇಲಿನ ಸಾಲಿನಲ್ಲೇ ಮುಗಿದಿರಬೇಕು.

ಇನ್ನು ಪ್ರತಿಯ ವಿಷಯ. ಲಗತ್ತು, ಲಿಂಕು, ಪ್ರತಿ, ಈ ಮೂರರಲ್ಲಿ ನನ್ನ ಮಟ್ಟಿಗೆ ಜಾಸ್ತಿ ನೋವು ಕೊಡುವುದು ಇದೇ. ಕಾಗದದ ಪತ್ರದಲ್ಲಿ ಕೊನೆಗೆ 'ಪ್ರತಿ: ಪ್ರಾಂಶುಪಾಲರಿಗೆ, ಮಾಹಿತಿಗಾಗಿ' ಅಂತ ಬರೆದರೆ ರವಾನೆಯವರು ಅದನ್ನು ನೋಡಿ ಇನ್ನೊಂದು ಲಕೋಟೆ ಮಾಡುತ್ತಿದ್ದರು. ಇಮೇಲಿನಲ್ಲಿ ಆ ಸಾಲಿಗೆ ಯಾವ ಶಕ್ತಿಯೂ ಇಲ್ಲ. ಮೇಲಿನ ಸಿಸಿ ಖಾನೆಯಲ್ಲಿ ವಿಳಾಸ ಇದ್ದರೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಹೊಸ ಪತ್ರದಲ್ಲಿ ಆ ಸಾಲು 'ನಿಮ್ಮ ಕಾಲೇಜಿನ ಪ್ರಾಂಶುಪಾಲರಿಗೂ ಇದರ ಪ್ರತಿ ಕಳಿಸಿದ್ದೇವೆ, ಅವರನ್ನು ಭೇಟಿ ಮಾಡಿ ಸಹಿ ಮಾಡಿಸಿಕೊಳ್ಳಿ' ಅಂತ ಆಗಿತ್ತು. ಆತ್ಮೀಯವಾದ ಮಾತು. ಆದರೆ ಕಳಿಸುವವರು, ಹಾಳೆಯ ಹೆಸರು, ವಿಳಾಸ ನೋಡಿ ಒಂದೇ ಪತ್ರವನ್ನು ಎಲ್ಲರಿಗೂ ಬೇರೆಬೇರೆಯಾಗಿ ಕಳಿಸುವ ವರ್ಡ್‌ನ ಮೇಲ್ ಮರ್ಜ್ ಬಳಸಲು ಹೊರಟಿದ್ದರು. ಅದರಲ್ಲಿ ಸಿಸಿ ಹಾಕಲು ಬರುವುದೇ ಇಲ್ಲ. ಫೈಲ್ ಲಗತ್ತಿಸಲೂ ಬರುವುದಿಲ್ಲ. ಅಂದರೆ ಪತ್ರ ಹೇಳುವ ಎರಡು ಸಂಗತಿಗಳನ್ನು ಮಾಡಲಾಗದ ಸಾಧನ ಅದು. ಮಗು ಕಾಲೇಜು ಕಚೇರಿಗೆ ಹೋಗಿ ಕೇಳುತ್ತದೆ. 'ನಮಗೆ ಅಂಥದ್ದೇನೂ ಬಂದಿಲ್ಲಮ್ಮ, ಬಂದ ಮೇಲೆ ಬಾ' ಅಂತ ಗುಮಾಸ್ತರು ಹೇಳುತ್ತಾರೆ. ಅವರು ಹೇಳುವುದು ನಿಜವೇ. ಸುಳ್ಳಾದದ್ದು ನಮ್ಮ ಪತ್ರ. ಬಸ್ಸಿನ ಚಾರ್ಜು ಕೊಟ್ಟು ಬಂದ ಮಗು ಹಾಗೇ ವಾಪಸ್ ಹೋಗಬೇಕು. ಆದ್ದರಿಂದ ಪತ್ರ ಬರೆಯುವ ಮೊದಲೇ 'ಇದನ್ನು ಯಾವುದರಲ್ಲಿ ಕಳಿಸುತ್ತೀರಿ?' ಅಂತ ಕೇಳಿಬಿಡಬೇಕು. ಈ ಕಟ್ಟಿಗೆ ಸಾಲುಸಾಲಿಗೂ ಬೇರೆ ಫೈಲು, ಬೇರೆ ಸಿಸಿ ಒಪ್ಪುವ ಆಡ್-ಆನ್ ಒಂದನ್ನು ಆಮೇಲೆ ಆರಿಸಿಕೊಂಡರು.

ಹೋಗಬಾರದ ಪ್ರತಿ ಹೋಗುವುದು ಇನ್ನೂ ಕೆಟ್ಟದ್ದು. ಆ 5 ಪತ್ರಗಳಲ್ಲಿ ತಂದೆಯ ಆದಾಯ, ದಾಖಲೆಯಲ್ಲಿನ ವ್ಯತ್ಯಾಸ, ಎಲ್ಲ ಇದೆ. ಅದು ಮಗುವಿಗೂ ಟ್ರಸ್ಟಿಗೂ ನಡುವಿನ ಮಾತು. ಪತ್ರದಲ್ಲಿ ಪ್ರಾಂಶುಪಾಲರ ಹೆಸರೇ ಇಲ್ಲ, ಇರಬಾರದು ಕೂಡ. ಆದರೆ ಎಕ್ಸೆಲ್ ಹಾಳೆಯಲ್ಲಿ ಸಿಸಿ ಕಾಲಂ 38 ಸಾಲಿಗೂ ತುಂಬಿತ್ತು, ಯಾಕೆಂದರೆ ಕಾಲೇಜಿನ ವಿಳಾಸ ಎಲ್ಲರ ಅರ್ಜಿಯಲ್ಲೂ ಇತ್ತು. ಪತ್ರವನ್ನು ಎಷ್ಟು ಸಲ ಓದಿದರೂ ಇದು ಸಿಗುವುದಿಲ್ಲ. ಅದಕ್ಕೇ ಪರೀಕ್ಷೆ ಎರಡೂ ಕಡೆಯಿಂದ ನಡೆಯಬೇಕು. ಮೊದಲು ಪತ್ರದ ಮಾತಿನಿಂದ ವಸ್ತುವಿಗೆ: ಹೇಳಿದ್ದು ಇದೆಯಾ? ಆಮೇಲೆ ವಸ್ತುವಿನಿಂದ ಮಾತಿಗೆ: ಇರುವುದನ್ನು ಪತ್ರ ಹೇಳಿದೆಯಾ? ಹೇಳದೆ ಹೋಗುತ್ತಿರುವ ಪ್ರತಿ ಫೈಲಿಗೂ, ಪ್ರತಿ ವಿಳಾಸಕ್ಕೂ ಒಂದು ಕಾರಣ ಬೇಕು. ಹೋದ ವರ್ಷದ ಇಮೇಲನ್ನು ಫಾರ್ವರ್ಡ್ ಒತ್ತಿ ಅದರ ಮೇಲೆ ಹೊಸದನ್ನು ಬರೆಯುವವರಿಗಂತೂ ಈ ಎರಡನೇ ಸುತ್ತು ಬೇಕೇ ಬೇಕು. ರಿಪ್ಲೈ ಒತ್ತಿದರೆ ಹಳೆಯ ಲಗತ್ತು ಬಿಟ್ಟುಹೋಗುತ್ತದೆ, ಫಾರ್ವರ್ಡ್ ಒತ್ತಿದರೆ ಜೊತೆಗೇ ಬರುತ್ತದೆ. ಹಾಗೆ ಬಂದ ಫೈಲು ಎಲ್ಲ ಅರ್ಜಿದಾರರ ಆದಾಯ, ಫೋನ್ ನಂಬರ್ ಇರುವ ಪಟ್ಟಿಯೂ ಆಗಿರಬಹುದು.

ಹಾಳೆಯಲ್ಲಿ ಸಾಲು ಜಾರುವುದನ್ನೂ ಹೇಳಬೇಕು. ಯಾರೋ ಹೆಸರಿನ ಕಾಲಂ ಒಂದನ್ನೇ ಆರಿಸಿ ಅಕಾರಾದಿಗೆ ಹಾಕಿದರೆ, ಹೆಸರುಗಳು ಮೇಲೆ ಕೆಳಗೆ ಆಗುತ್ತವೆ. ಇಮೇಲ್, ಸಿಸಿ, ಫೈಲಿನ ಹೆಸರು ಅಲ್ಲೇ ನಿಲ್ಲುತ್ತವೆ. ನೋಡಲು ಹಾಳೆ ತುಂಬಾ ಅಚ್ಚುಕಟ್ಟಾಗಿ ಕಾಣುತ್ತದೆ. ಗುರುತು ಹಿಡಿಯಲು ಒಂದು ದಾರಿ ಇದೆ. ಫೈಲಿಗೆ ಮಗುವಿನ ಹೆಸರಿಡದೆ ಅರ್ಜಿ ಸಂಖ್ಯೆ ಇಡಬೇಕು, ಆ ಸಂಖ್ಯೆ ಪತ್ರದ ವಿಷಯದ ಸಾಲಿನಲ್ಲೂ ಬರಬೇಕು. ಆಗ ಪತ್ರ, ಫೈಲು, ಫಾರಂ ಒಳಗಿನ ಸಂಖ್ಯೆ, ಮೂರನ್ನೂ ಒಂದೇ ನೋಟದಲ್ಲಿ ಹೋಲಿಸಬಹುದು. ಈ ಕಟ್ಟಿನಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗಿಯರಿದ್ದರು, ಇನಿಷಿಯಲ್ ಕೂಡ ಒಂದೇ. ಹೆಸರು ನೋಡಿ ಹೊಂದಿಸಿದ್ದರೆ ಒಬ್ಬಳ ಖಾತೆಯ ವಿವರದ ಫಾರಂ ಇನ್ನೊಬ್ಬಳ ಕೈಗೆ ಹೋಗುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಇಡೀ ಕಟ್ಟನ್ನು ನಮಗೇ ಕಳಿಸಿಕೊಳ್ಳುವುದು. ಹಾಳೆಯ ಒಂದು ನಕಲು ಮಾಡಿ, ಮಕ್ಕಳ ವಿಳಾಸದ ಜಾಗದಲ್ಲಿ ನಮ್ಮ ವಿಳಾಸ ಹಾಕಬೇಕು. ಜಿಮೇಲಿನಲ್ಲಿ ಹೆಸರಿನ ಮುಂದೆ ಕೂಡುವ ಚಿಹ್ನೆ ಹಾಕಿ ಏನಾದರೂ ಬರೆದರೂ ಪತ್ರ ನಮ್ಮ ಪೆಟ್ಟಿಗೆಗೇ ಬರುತ್ತದೆ. ಹಾಗಾಗಿ 17ನೇ ಸಾಲಿಗೆ `yourname+017@gmail.com`, ಅದರ ಸಿಸಿಗೆ `yourname+017cc@gmail.com` ಅಂತ ಕೊಟ್ಟರೆ, ಬಂದ ಪತ್ರದ ತಲೆ ನೋಡಿದ ಕೂಡಲೇ ಯಾವ ಸಾಲಿನದ್ದು, ಸಿಸಿ ಹೋಯಿತೋ ಇಲ್ಲವೋ ಎಲ್ಲ ತಿಳಿಯುತ್ತದೆ. ಸಿಸಿ ಇರಬಾರದ 5 ಸಾಲುಗಳಲ್ಲಿ ಖಾನೆ ಖಾಲಿ ಇರಬೇಕು. ಆಗ ಪತ್ರವನ್ನು ಓದುವುದು ಹಾಳೆಯಲ್ಲಿ ಅಲ್ಲ, ಬಂದ ಇಮೇಲಿನಲ್ಲಿ. 38 ಪತ್ರವಾದರೆ 38ನ್ನೂ ತೆರೆಯುತ್ತೇನೆ. ನೂರಾರು ಪತ್ರವಾದರೆ ಪ್ರತಿ ಬಗೆಯ ಮೊದಲನೆಯದು, ಕೊನೆಯದು, ಬಗೆ ಬದಲಾಗುವ ಕಡೆಯ ಸಾಲುಗಳು, ಒಂದೇ ಹೆಸರಿನವರು, ಇಷ್ಟನ್ನು ಬಿಡುವುದಿಲ್ಲ. ಸಾಲು ಜಾರಿದ್ದರೆ ಸಾಮಾನ್ಯವಾಗಿ ಇಲ್ಲೆಲ್ಲ ಸಿಗುತ್ತದೆ.

ಈ ಪರೀಕ್ಷೆಗೂ ಒಂದು ಮಿತಿ ಇದೆ. ನಿಜವಾದ ವಿಳಾಸಗಳು ಸರಿಯೋ ಅಂತ ಅದು ಹೇಳುವುದಿಲ್ಲ, ಯಾಕೆಂದರೆ ಅವನ್ನು ನಾವೇ ತೆಗೆದಿದ್ದೇವೆ. ಅದನ್ನು ಅರ್ಜಿಯ ಜೊತೆ ಇಟ್ಟು ಬೇರೆಯಾಗಿಯೇ ನೋಡಬೇಕು. ಇನ್ನೊಂದು, ಪರೀಕ್ಷೆ ಮುಗಿದ ಮೇಲೆ ಪತ್ರದ ಒಂದು ವಾಕ್ಯ ಮುಟ್ಟಿದರೂ ಆ ಬಗೆಯ ಪತ್ರಕ್ಕೆ ಪರೀಕ್ಷೆ ಮತ್ತೆ ಆಗಬೇಕು. 'ಒಂದು ಸಣ್ಣ ತಿದ್ದುಪಡಿ ಅಷ್ಟೇ ಮೇಡಂ' ಅಂತ ರಾತ್ರಿ ಫೋನ್ ಬರುತ್ತದೆ. ಸಣ್ಣದೇ ಇರಬಹುದು. ಆದರೆ 'ನಿಯಮಗಳನ್ನು ಲಿಂಕಲ್ಲಿ ಬೇಡ, ಫೈಲಾಗೇ ಕೊಡೋಣ' ಎನ್ನುವುದು ಕೂಡ ಒಂದು ವಾಕ್ಯದ ತಿದ್ದುಪಡಿಯೇ. ನಾನು ಇದರಲ್ಲಿ ಸ್ವಲ್ಪ ಗಟ್ಟಿಯಾಗಿಯೇ ನಿಲ್ಲುತ್ತೇನೆ. ಬೆಳಿಗ್ಗೆ ಕಳಿಸೋಣ, ಆದರೆ ನೋಡಿಯೇ ಕಳಿಸೋಣ ಅನ್ನುತ್ತೇನೆ.

ಲಿಂಕಿನ ಫೈಲ್ ಯಾರ ಖಾತೆಯಲ್ಲಿದೆ ಅಂತಲೂ ಆ ಹೊತ್ತಿಗೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಸ್ವಯಂಸೇವಕರೊಬ್ಬರ ಸ್ವಂತ ಡ್ರೈವಿನಲ್ಲಿದ್ದು, ಅವರು ಜಾಗ ಖಾಲಿ ಮಾಡಲು ಅದನ್ನು ಅಳಿಸಿದರೆ, ಕಳಿಸಿದ ದಿನ ತೆರೆದ ಬಾಗಿಲು ಜುಲೈ 18ಕ್ಕೆ ಮುಚ್ಚಿರುತ್ತದೆ. ಕೊನೆಯ ದಿನಾಂಕ ಮುಗಿಯುವವರೆಗೆ ಆ ಫೈಲ್ ಟ್ರಸ್ಟಿನ ಖಾತೆಯಲ್ಲಿ ಇರಲಿ.

ಇಷ್ಟು ಮಾಡಿದರೂ ಏನಾದರೂ ತಪ್ಪಿ ಹೋದರೆ? ಜಿಮೇಲಿನಲ್ಲಿ ಕಳಿಸಿದ್ದನ್ನು ಹಿಂದಕ್ಕೆ ಕರೆಯಲು ಹೆಚ್ಚೆಂದರೆ 30 ಸೆಕೆಂಡ್ ಸಿಗುತ್ತದೆ. ಕಟ್ಟಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ತಪ್ಪು ಹೋದವರಿಗೆ ಮಾತ್ರ, ಅದೇ ದಿನ, ಚಿಕ್ಕದಾಗಿ ಬರೆಯಬೇಕು. ಯಾವ ಫೈಲ್ ತಪ್ಪು, ಅದರ ಬದಲು ಯಾವುದು, ಮೊದಲಿನದನ್ನು ತುಂಬಿ ಕಳಿಸಿದ್ದರೆ ಏನು ಮಾಡಬೇಕು. ಮೊದಲ ಪತ್ರದ ಪ್ರತಿ ಪ್ರಾಂಶುಪಾಲರಿಗೆ ಹೋಗಿದ್ದರೆ ಈ ತಿದ್ದುಪಡಿಯೂ ಅವರಿಗೆ ಹೋಗಬೇಕು. ಇಲ್ಲದಿದ್ದರೆ ಅವರ ಕೈಯಲ್ಲಿ ಹಳೆಯ ಫಾರಂ ಉಳಿದು, ಅದಕ್ಕೇ ಸಹಿ ಹಾಕಿ ಕೊಟ್ಟುಬಿಡುತ್ತಾರೆ.